ಅಂಗಿ ಬದಲಿಸುವ ಬ್ಯಾಕ್ಟೀರಿಯಾ, ಗುರುತು ಅಳಿಸುವ ವೈರಸ್

1877ರ ಬೊಂಬಾಯಿ. ದಖ್ಖನಿನ ಬಯಲುಸೀಮೆಯಿಂದ ಹಸಿದ ಜನ ಗುಂಪುಗುಂಪಾಗಿ ಆ ಊರಿಗೆ ಬಂದು ಬೀಳುತ್ತಿದ್ದರು. ನಮ್ಮ ಕಡೆಯ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದ ಬರವೇ ಅದು. ಆಸ್ಪತ್ರೆ ಸೇರಿದ ಹಲವರಿಗೆ ಒಂದು ವಿಚಿತ್ರ ಜ್ವರವಿತ್ತು. ಇದ್ದಕ್ಕಿದ್ದಂತೆ ಚಳಿ ಹಿಡಿದು ಮೈ ಸುಡುತ್ತಿತ್ತು. ಐದಾರು ದಿನ ಬಿಡದೆ ಕಾದ ಮೇಲೆ ಒಂದು ದಿನ ಮೈಯೆಲ್ಲ ಬೆವರಿ ಜ್ವರ ಪೂರ್ತಿ ಇಳಿದುಬಿಡುತ್ತಿತ್ತು. ರೋಗಿ ಎದ್ದು ಕೂತು ಗಂಜಿ ಕುಡಿಯುತ್ತಿದ್ದ, ವಾಸಿಯಾಯಿತು ಎಂದುಕೊಳ್ಳುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಅದೇ ಚಳಿ, ಅದೇ ಸುಡು ಜ್ವರ ಮರಳಿ ಬರುತ್ತಿತ್ತು.

ಆಗ ಬೊಂಬಾಯಿಯಲ್ಲಿದ್ದ ವೈದ್ಯ ಹೆನ್ರಿ ವ್ಯಾಂಡೈಕ್ ಕಾರ್ಟರ್ ಈ ರೋಗಿಗಳ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ವೈದ್ಯಕೀಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ‘ಗ್ರೇಸ್ ಅನಾಟಮಿ’ಯ ಮೊದಲ ಆವೃತ್ತಿಗೆ ಚಿತ್ರ ಬರೆದವನು ಈತನೇ. ರಕ್ತಕಣಗಳ ನಡುವೆ ಸಣ್ಣ ಸುರುಳಿಗಳು ಒದ್ದಾಡುತ್ತಿದ್ದವು. ಬರ್ಲಿನ್ನಿನ ಒಟ್ಟೊ ಓಬರ್‌ಮೈಯರ್ 1868ರಲ್ಲಿ ನೋಡಿ 1873ರಲ್ಲಿ ಪ್ರಕಟಿಸಿದ್ದ ಸುರುಳಿಗಳೇ ಅವು. ಓಬರ್‌ಮೈಯರ್ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದ: ಜ್ವರವಿದ್ದಾಗ ರಕ್ತದ ತುಂಬ ಕಾಣುವ ಸುರುಳಿ, ಜ್ವರ ಬಿಟ್ಟಾಗ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಜ್ವರ ಮರುಕಳಿಸಿದರೆ ಅದೂ ಹಾಜರು.

ಮರುಕಳಿಸುವ ಜ್ವರ ಎಂದೇ ಹೆಸರಾದ ಈ ಕಾಯಿಲೆಯನ್ನು ತರುವುದು ಬೊರೇಲಿಯ ಎಂಬ ಬ್ಯಾಕ್ಟೀರಿಯಾ. ಬರಗಾಲದ ಜನಜಂಗುಳಿಯಲ್ಲಿ ಹರಡುತ್ತಿದ್ದ ಬಗೆಯನ್ನು ಬಟ್ಟೆಯಲ್ಲಿ ಬದುಕುವ ಮೈಹೇನು ಸಾಗಿಸುತ್ತದೆ. ಉಣ್ಣೆಗಳು ಸಾಗಿಸುವ ಬಗೆಗಳೂ ಇವೆ. ಅವುಗಳಲ್ಲಿ ತುಂಬ ವಿವರವಾಗಿ ಅಭ್ಯಾಸವಾಗಿರುವುದು ಉತ್ತರ ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿರುವ ಬೊರೇಲಿಯ ಹರ್ಮ್ಸಿ. ಸುರುಳಿಗಳು ಎಲ್ಲಿ ಮಾಯವಾಗುತ್ತವೆ, ಮತ್ತೆ ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮುಖ್ಯವಾಗಿ ಇದರಿಂದ.

ಮಾಯವಾಗುವ ಭಾಗ ಸುಲಭ. ಸುರುಳಿಗಳು ಇರುವುದು ರಕ್ತದಲ್ಲಿ, ಜೀವಕೋಶಗಳ ಹೊರಗೆ. ಅಲ್ಲಿ ದೇಹದ ಮುಖ್ಯ ಆಯುಧ ಪ್ರತಿಕಾಯ. ಬೊರೇಲಿಯದ ಮೈಮೇಲೆ ಒಂದೇ ಬಗೆಯ ಪ್ರೋಟೀನು ಅಂಗಿಯಂತೆ ದಟ್ಟವಾಗಿ ಹರಡಿಕೊಂಡಿರುತ್ತದೆ. ಆ ಅಂಗಿಯ ಆಕಾರಕ್ಕೆ ಸರಿಯಾಗಿ ಕೂರುವ ಪ್ರತಿಕಾಯಗಳು ಕೆಲವೇ ದಿನಗಳಲ್ಲಿ ತಯಾರಾಗುತ್ತವೆ. ತಯಾರಾದದ್ದೇ ತಡ, ರಕ್ತದಲ್ಲಿರುವ ಸುರುಳಿಗಳು ಗಂಟೆಗಳಲ್ಲೇ ನಾಶವಾಗುತ್ತವೆ. ರೋಗಿ ಗಡಗಡ ನಡುಗಿ, ಜ್ವರ ಇನ್ನಷ್ಟು ಏರಿ, ಆಮೇಲೆ ಬೆವರಿ ತಣ್ಣಗಾಗುವುದು ಈ ನಾಶದ ಹೊತ್ತಿನಲ್ಲೇ. ಆ್ಯಂಟಿಬಯಾಟಿಕ್ ಕೊಟ್ಟು ಸುರುಳಿಗಳನ್ನು ಒಮ್ಮೆಲೇ ಕೊಂದಾಗಲೂ ಇಂಥದೇ ನಡುಕ ಬಂದು ರಕ್ತದೊತ್ತಡ ಕುಸಿಯಬಹುದು. ಹಾಗಾಗಿ ಮೊದಲ ಡೋಸ್ ಕೊಟ್ಟ ಕೆಲವು ಗಂಟೆ ವೈದ್ಯರು ರೋಗಿಯ ಮೇಲೆ ಕಣ್ಣಿಟ್ಟಿರುತ್ತಾರೆ.

ಮರಳಿ ಬರುವ ಭಾಗ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳಲಿಲ್ಲ. ಅಮೆರಿಕದ ಮೊಂಟಾನಾದಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ದೊಡ್ಡ ತಿರುವು. ಅವರು ಒಂದೇ ಒಂದು ಬ್ಯಾಕ್ಟೀರಿಯಾದಿಂದ ಶುರುಮಾಡಿ ಇಲಿಗಳಲ್ಲಿ ಅದರ ಸಂತತಿ ಬೆಳೆಸಿದರು. ಒಂದೊಂದು ಮರುಕಳಿಕೆಯ ಸುರುಳಿಗಳನ್ನೂ ಬೇರೆ ಮಾಡಿ, ಯಾವ ಪ್ರತಿಕಾಯ ಯಾವುದಕ್ಕೆ ಅಂಟುತ್ತದೆ ಎಂದು ನೋಡಿದರು. ಆ ಒಂದೇ ತಾಯಿಯ ಮಕ್ಕಳಲ್ಲಿ 24 ಬೇರೆಬೇರೆ ಅಂಗಿಗಳು ಸಿಕ್ಕವು! ಒಂದಕ್ಕೆ ಹಿಡಿಯುವ ಪ್ರತಿಕಾಯ ಇನ್ನೊಂದನ್ನು ಮುಟ್ಟುತ್ತಲೇ ಇರಲಿಲ್ಲ. ಹೊರಗಿನಿಂದ ಏನೂ ಬಂದಿರಲಿಲ್ಲ. ಅಷ್ಟೂ ಅಂಗಿಗಳ ಅಳತೆ ಮೊದಲ ಬ್ಯಾಕ್ಟೀರಿಯಾದ ಒಳಗೇ ಇತ್ತು.

ಅದು ಎಲ್ಲಿತ್ತು ಎಂಬುದನ್ನು ಅಲನ್ ಬಾರ್ಬರ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿಕೊಟ್ಟರು. ಬೊರೇಲಿಯದ ವರ್ಣತಂತುವಲ್ಲದೆ ಅದರೊಳಗೆ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಂಡುಗಳಿವೆ. ಬೇರೆ ಬ್ಯಾಕ್ಟೀರಿಯಾಗಳಲ್ಲಿ ಇವು ಸಾಮಾನ್ಯವಾಗಿ ಉಂಗುರದಂತಿದ್ದರೆ ಇಲ್ಲಿ ಹಲವು ನೇರ ದಾರದಂತಿವೆ. ಅಂಗಿಯ ಜೀನ್‌ಗಳು ಇವುಗಳ ಮೇಲೆ ಸಾಲಾಗಿ ಕೂತಿವೆ. ಈಗಿನ ಲೆಕ್ಕದಲ್ಲಿ ಸುಮಾರು 60. ಆದರೆ ಅವೆಲ್ಲ ಮೂಕ ಜೀನ್‌ಗಳು. ಅವುಗಳ ಮುಂದೆ ‘ಶುರುಮಾಡು’ ಎನ್ನುವ ಡಿಎನ್‌ಎ ಸೂಚನೆ ಇಲ್ಲದ್ದರಿಂದ ಇದ್ದಲ್ಲಿಂದ ಅವು ಯಾವ ಪ್ರೋಟೀನನ್ನೂ ಮಾಡಲಾರವು. ಆ ಸೂಚನೆ ಇರುವುದು ಒಂದು ಪ್ಲಾಸ್ಮಿಡ್ಡಿನ ತುದಿಯ ಹತ್ತಿರದ ಒಂದೇ ಜಾಗದಲ್ಲಿ. ಅಲ್ಲಿ ಯಾವ ಜೀನ್ ಇದೆಯೋ ಅದರ ಅಂಗಿ ಮೈಮೇಲೆ. ಆಗಾಗ ಮೂಕ ಜೀನ್ ಒಂದರ ನಕಲು ಆ ಜಾಗಕ್ಕೆ ಬಂದು, ಅಲ್ಲಿದ್ದುದು ಅಳಿಸಿಹೋಗುತ್ತದೆ. ನಕಲು ಬಂದರೂ ಮೂಲ ಪ್ರತಿ ತನ್ನ ಜಾಗದಲ್ಲಿ ಹಾಗೇ ಉಳಿಯುತ್ತದೆ. ಆದ್ದರಿಂದ ಎಷ್ಟು ಸಲ ಬದಲಿಸಿದರೂ ಸಂಗ್ರಹ ಕರಗುವುದಿಲ್ಲ.

ಇಂಥ ಬದಲಾವಣೆ ಒಂದು ಪೀಳಿಗೆಯಲ್ಲಿ ಸಾವಿರಕ್ಕೋ ಹತ್ತು ಸಾವಿರಕ್ಕೋ ಒಂದು ಬ್ಯಾಕ್ಟೀರಿಯಾದಲ್ಲಿ ಆಗುತ್ತದೆ. ತೀರ ಅಪರೂಪ ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಜ್ವರದ ತುದಿಯಲ್ಲಿ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತು ಲಕ್ಷ ಸುರುಳಿಗಳಿವೆ ಎನ್ನೋಣ. ಐದು ಲೀಟರ್ ರಕ್ತದಲ್ಲಿ 500 ಕೋಟಿಯಾಯಿತು. ಹತ್ತು ಸಾವಿರಕ್ಕೆ ಒಂದರಂತೆ ಬದಲಾದರೂ ಆ ಒಂದೇ ಪೀಳಿಗೆಯಲ್ಲಿ ಐದು ಲಕ್ಷ ಸುರುಳಿಗಳು ಹೊಸ ಅಂಗಿಯಲ್ಲಿರುತ್ತವೆ. ಪ್ರತಿಕಾಯಗಳು ಹಳೆಯ ಅಂಗಿಯ 500 ಕೋಟಿಯನ್ನು ಸವರಿಹಾಕುತ್ತವೆ. ಉಳಿದ ಕೆಲವು ಲಕ್ಷ, ಐದು ಲೀಟರ್ ರಕ್ತದಲ್ಲಿ ಚದುರಿಹೋದರೆ ಮಿಲಿಲೀಟರಿಗೆ ನೂರರಷ್ಟು ಮಾತ್ರ. ಸ್ಲೈಡಿನ ಮೇಲೆ ಹಚ್ಚಿದ ಒಂದು ಹನಿ ರಕ್ತದಲ್ಲಿ ಅವನ್ನು ಕಾಣುವುದು ಕಷ್ಟ. ಓಬರ್‌ಮೈಯರನಿಗೆ ಸಿಗದೆ ಹೋದದ್ದು ಇವೇ. ಇವು ಕೆಲವು ಗಂಟೆಗಳಿಗೊಮ್ಮೆ ಇಮ್ಮಡಿಯಾಗುತ್ತ ಮತ್ತೆ ಕೋಟಿಗಟ್ಟಲೆಗೆ ಏರಲು ವಾರ ಬೇಕು. ಎರಡು ಜ್ವರಗಳ ನಡುವಿನ ವಾರ ಅದೇ. ಇಂದಿಗೂ ಈ ರೋಗದ ಶಂಕೆಯಿದ್ದರೆ ರಕ್ತವನ್ನು ಜ್ವರ ಏರಿರುವಾಗಲೇ ತೆಗೆಯಬೇಕು ಎನ್ನುವುದು ಇದಕ್ಕಾಗಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ರತಿಕಾಯ ಬಂತೆಂದು ತಿಳಿದು ಬ್ಯಾಕ್ಟೀರಿಯಾ ಅಂಗಿ ಬದಲಿಸುವುದಿಲ್ಲ. ಪ್ರತಿಕಾಯವೇ ಇಲ್ಲದ ಗಾಜಿನ ನಳಿಕೆಯಲ್ಲಿ ಬೆಳೆಸಿದರೂ ಬದಲಾವಣೆ ಆಗುತ್ತಲೇ ಇರುತ್ತದೆ. ಹಾಗೆಂದು ಅದು ಪೂರ್ತಿ ಕುರುಡಾಟವೂ ಅಲ್ಲ. ಕೆಲವು ಜೀನ್‌ಗಳ ಅಂಚಿನ ಡಿಎನ್‌ಎ ಆ ತುದಿಯ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ, ಕೆಲವುದರದ್ದು ಅಷ್ಟು ಹೊಂದುವುದಿಲ್ಲ. ಚೆನ್ನಾಗಿ ಹೊಂದುವ ಅಂಗಿಗಳು ಮೊದಮೊದಲ ಮರುಕಳಿಕೆಗಳಲ್ಲಿ, ಹೊಂದದವು ಆಮೇಲೆ ಕಾಣಿಸಿಕೊಳ್ಳುತ್ತವೆ. ಈ ಸರದಿ ಇರುವುದು ಬ್ಯಾಕ್ಟೀರಿಯಾಕ್ಕೆ ದೊಡ್ಡ ಲಾಭ. ಅರುವತ್ತೂ ಒಟ್ಟಿಗೆ ಹೊರಬಿದ್ದಿದ್ದರೆ ದೇಹ ಅರುವತ್ತಕ್ಕೂ ಒಟ್ಟಿಗೆ ಪ್ರತಿಕಾಯ ಮಾಡಿ ಕೈತೊಳೆದುಕೊಳ್ಳುತ್ತಿತ್ತು. ಇನ್ನೊಂದು ವಿವರ ನನಗೆ ಬಲು ಇಷ್ಟ. ಉಣ್ಣೆಯ ದೇಹ ಸೇರಿದ ಮೇಲೆ ಬೊರೇಲಿಯ ಹರ್ಮ್ಸಿ ಈ ಆಟವನ್ನೇ ನಿಲ್ಲಿಸಿ, ಎಲ್ಲಕ್ಕಿಂತ ಬೇರೆಯಾದ ಒಂದೇ ಪ್ರೋಟೀನನ್ನು ತೊಟ್ಟುಕೊಳ್ಳುತ್ತದೆ. ಅಲ್ಲಿ ಪ್ರತಿಕಾಯಗಳ ಕಾಟವಿಲ್ಲ, ಬದಲಿಸುವ ಅಗತ್ಯವೂ ಇಲ್ಲ.

ಮರುಕಳಿಕೆಗಳಿಗೂ ಕೊನೆಯುಂಟು. ಪ್ರತಿ ಸಲವೂ ದೇಹ ಹಳೆಯ ಅಂಗಿಗಳನ್ನು ನೆನಪಿಟ್ಟುಕೊಂಡಿರುತ್ತದೆ. ಬೊರೇಲಿಯದ ಆಯ್ಕೆ ಕಿರಿದಾಗುತ್ತ ಹೋಗುತ್ತದೆ, ಜ್ವರದ ಜೋರೂ ಇಳಿಯುತ್ತದೆ. ಹೇನಿನಿಂದ ಬಂದ ಜ್ವರ ಒಂದೆರಡು ಸಲ ಮರಳಿದರೆ ಉಣ್ಣೆಯಿಂದ ಬಂದದ್ದು ಇನ್ನೂ ಹೆಚ್ಚು ಸಲ ಮರಳಬಹುದು. ಅಷ್ಟರಲ್ಲಿ ಇನ್ನೊಂದು ಹೇನೋ ಉಣ್ಣೆಯೋ ರಕ್ತ ಹೀರಿದ್ದರೆ ಬೊರೇಲಿಯಕ್ಕೆ ಅಷ್ಟು ಸಾಕು.

ಫ್ಲೂ ವೈರಸ್ಸೂ ಮೈಮೇಲಿನ ಪ್ರೋಟೀನನ್ನು ಬದಲಿಸುತ್ತದಲ್ಲ ಎಂದು ಕೇಳಬಹುದು. ಹೌದು, ಆದರೆ ಅದರ ಬಳಿ ಸಂಗ್ರಹವಿಲ್ಲ. ನಕಲಾಗುವಾಗಿನ ತಪ್ಪುಗಳೇ ಅದರ ಬಂಡವಾಳ. ಬೊರೇಲಿಯ ಒಬ್ಬನೇ ರೋಗಿಯೊಳಗೆ ವಾರಗಳಲ್ಲಿ ಮಾಡುವುದನ್ನು ಫ್ಲೂ ಇಡೀ ಜನಸಮೂಹದಲ್ಲಿ ವರ್ಷಗಳ ಮೇಲೆ ಮಾಡುತ್ತದೆ. ಲಸಿಕೆಯನ್ನು ಆಗಾಗ ಹೊಸದು ಮಾಡಬೇಕಾಗುವುದು ಅದಕ್ಕೇ.

ಇನ್ನು ಕೆಲವು ವೈರಸ್‌ಗಳ ಬದುಕೇ ಬೇರೆ. ಅವು ಜೀವಕೋಶದ ಒಳಹೊಕ್ಕು ಅಲ್ಲೇ ಜೀವಮಾನವಿಡೀ ಉಳಿಯುತ್ತವೆ. ಪ್ರತಿಕಾಯ ಕೋಶದೊಳಕ್ಕೆ ಹೋಗಲಾರದ್ದರಿಂದ ಅವಕ್ಕೆ ಅಂಗಿಯ ಚಿಂತೆ ಕಡಿಮೆ. ಆದರೆ ಒಳಗೂ ಒಂದು ಕಾವಲಿದೆ, ಅದನ್ನು ತಪ್ಪಿಸಲು ಬೇರೆಯೇ ಕಸುಬು ಬೇಕು. ಆ ಕಸುಬಿನಲ್ಲಿ ಪಳಗಿದ್ದು ಸೈಟೊಮೆಗಾಲೊ ವೈರಸ್. ಸರ್ಪಸುತ್ತು ತರುವ ವೈರಸ್ಸಿನ ದಾಯಾದಿ ಇದು. ಭಾರತದಲ್ಲಿ ದೊಡ್ಡವರಾದ ಬಹುಪಾಲು ಮಂದಿಯ ಮೈಯಲ್ಲಿ ಇದು ಇದೆ, ಬಹುತೇಕರಿಗೆ ಬಂದದ್ದೇ ಗೊತ್ತಾಗಿರುವುದಿಲ್ಲ.

ಒಳಗಿನ ಕಾವಲು ಹೀಗೆ ನಡೆಯುತ್ತದೆ. ನಮ್ಮ ಪ್ರತಿಯೊಂದು ಜೀವಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳಲ್ಲಿ ಒಂದು ಪಾಲನ್ನು ಪ್ರೋಟಿಯಸೋಮ್ ಎಂಬ ಯಂತ್ರಕ್ಕೆ ಹಾಕಿ ಕತ್ತರಿಸುತ್ತಿರುತ್ತದೆ. ಎಂಟರಿಂದ ಹತ್ತು ಅಮೈನೋ ಆಮ್ಲಗಳಷ್ಟು ಉದ್ದದ ಚೂರುಗಳು ಟ್ಯಾಪ್ ಎಂಬ ದ್ವಾರದ ಮೂಲಕ ಕೋಶದೊಳಗಿನ ಒಂದು ಪೊರೆಕೋಣೆಗೆ ಹೋಗುತ್ತವೆ. ಅಲ್ಲಿ ಎಂಎಚ್‌ಸಿ ಎಂಬ ಪ್ರೋಟೀನು ಕಾದಿರುತ್ತದೆ. ಒಂದೊಂದು ಎಂಎಚ್‌ಸಿಯೂ ಒಂದೊಂದು ಚೂರನ್ನು ಹಿಡಿದುಕೊಂಡು ಕೋಶದ ಹೊರಮೈಗೆ ಬಂದು ನಿಲ್ಲುತ್ತದೆ. ಸುತ್ತಾಡುವ ಟಿ ಕೋಶಗಳು ಈ ಚೂರುಗಳನ್ನು ಮುಟ್ಟಿ ನೋಡುತ್ತವೆ. ನಮ್ಮದೇ ಪ್ರೋಟೀನಿನ ಚೂರಾದರೆ ಮುಂದೆ ಸಾಗುತ್ತವೆ, ವೈರಸ್ಸಿನದ್ದಾದರೆ ಆ ಇಡೀ ಕೋಶವನ್ನೇ ಕೊಲ್ಲುತ್ತವೆ. ಟಿ ಕೋಶ ಬರೀ ವೈರಸ್ಸನ್ನು ಗುರುತಿಸುವುದಿಲ್ಲ, ಎಂಎಚ್‌ಸಿಯ ಜೊತೆಗಿದ್ದರೆ ಮಾತ್ರ ಗುರುತಿಸುತ್ತದೆ ಎಂದು 1974ರಲ್ಲಿ ಕ್ಯಾನ್‌ಬೆರಾದಲ್ಲಿ ತೋರಿಸಿದ ರಾಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ ಅವರಿಗೆ 1996ರಲ್ಲಿ ನೊಬೆಲ್ ಬಂತು.

ಹಾಗಾದರೆ ವೈರಸ್ಸಿಗೆ ದಾರಿ ಸ್ಪಷ್ಟ. ಎಂಎಚ್‌ಸಿ ಹೊರಮೈಗೆ ಬಾರದಂತೆ ಮಾಡಿದರಾಯಿತು. ಸೈಟೊಮೆಗಾಲೊ ವೈರಸ್ ಇದನ್ನು ಒಂದಲ್ಲ, ಹಲವು ಕಡೆ ತಡೆಯುತ್ತದೆ. ಸೋಂಕು ತಗುಲಿದ ಮೊದಲ ಗಂಟೆಗಳಲ್ಲೇ ತಯಾರಾಗುವ ಯುಎಸ್3 ಎಂಬ ಪ್ರೋಟೀನು ಎಂಎಚ್‌ಸಿಯನ್ನು ಪೊರೆಕೋಣೆಯಲ್ಲೇ ಹಿಡಿದಿಡುತ್ತದೆ. ಆಮೇಲೆ ಬರುವ ಯುಎಸ್6, ಟ್ಯಾಪ್ ದ್ವಾರಕ್ಕೆ ಒಳಗಿನಿಂದ ಅಂಟಿ ಚೂರುಗಳು ಒಳಬರದಂತೆ ಮಾಡುತ್ತದೆ. ಇದೇ ಮನೆತನದ ಹರ್ಪಿಸ್ ಸಿಂಪ್ಲೆಕ್ಸ್ ಕೂಡ ಟ್ಯಾಪನ್ನೇ ತಡೆಯುತ್ತದೆ, ಆದರೆ ಹೊರಗಡೆಯಿಂದ, ಬೇರೊಂದು ಪ್ರೋಟೀನಿನಿಂದ.

ಎಲ್ಲಕ್ಕಿಂತ ಸೋಜಿಗದ್ದು ಯುಎಸ್2 ಮತ್ತು ಯುಎಸ್11ರ ಕೆಲಸ. ಅಮೆರಿಕದ ಎಂಐಟಿಯಲ್ಲಿ ಹಿಡ್ಡೆ ಪ್ಲೂ ಅವರ ಪ್ರಯೋಗಾಲಯದಲ್ಲಿದ್ದ ಎಮ್ಯಾನುಯೆಲ್ ವಿಯರ್ಟ್ಸ್ ಮತ್ತು ಸಂಗಡಿಗರು, ಯುಎಸ್11 ಇರುವ ಕೋಶಗಳಿಗೆ ವಿಕಿರಣಶೀಲ ಅಮೈನೋ ಆಮ್ಲ ಉಣಿಸಿ, ಆಗಷ್ಟೇ ಹುಟ್ಟಿದ ಎಂಎಚ್‌ಸಿಗೆ ಗುರುತು ಹಾಕಿ, ನಿಮಿಷಕ್ಕೊಮ್ಮೆ ಅದರ ಗತಿ ನೋಡಿದರು. ನಿಮಿಷಗಳಲ್ಲೇ ಅದು ಕಾಣೆಯಾಗುತ್ತಿತ್ತು. ಪ್ರೋಟಿಯಸೋಮನ್ನು ಔಷಧದಿಂದ ನಿಲ್ಲಿಸಿ ನೋಡಿದಾಗ ಎಂಎಚ್‌ಸಿ ನಾಶವಾಗದೆ ಉಳಿಯಿತು. ಆದರೆ ಅದು ಇದ್ದದ್ದು ಪೊರೆಕೋಣೆಯಲ್ಲಲ್ಲ, ಹೊರಗಿನ ಕೋಶದ್ರವದಲ್ಲಿ. ಒಳಗೆ ಹೋಗಲೇ ಇಲ್ಲವೇನೋ ಎಂದು ಅನುಮಾನಿಸಬಹುದಿತ್ತು. ಅದಕ್ಕೂ ಸಾಕ್ಷಿ ಸಿಕ್ಕಿತು. ಪೊರೆಕೋಣೆಯೊಳಗೆ ಮಾತ್ರ ಎಂಎಚ್‌ಸಿಗೆ ಒಂದು ಸಕ್ಕರೆಯ ಸರ ಅಂಟಿಕೊಳ್ಳುತ್ತದೆ. ಅದನ್ನು ಕಿಣ್ವ ಕಿತ್ತಾಗ ಆ ಜಾಗದ ಅಮೈನೋ ಆಮ್ಲ ಬದಲಾಗಿ ಪ್ರೋಟೀನಿನ ವಿದ್ಯುದಾವೇಶ ತುಸು ಏರುಪೇರಾಗುತ್ತದೆ. ಕೋಶದ್ರವದ ಎಂಎಚ್‌ಸಿಯಲ್ಲಿ ಸಕ್ಕರೆ ಇರಲಿಲ್ಲ, ಆದರೆ ಕಿತ್ತ ಆ ಗುರುತಿತ್ತು. ಅಂದರೆ ಒಳಗೆ ಹೋಗಿ ತಯಾರಾದ ಎಂಎಚ್‌ಸಿಯನ್ನು ವೈರಸ್ಸಿನ ಪ್ರೋಟೀನು ಹಿಂದಕ್ಕೆ ಹೊರಗೆಳೆಸಿ, ವೈರಸ್ಸನ್ನು ಕತ್ತರಿಸಬೇಕಿದ್ದ ಯಂತ್ರಕ್ಕೇ ಒಪ್ಪಿಸುತ್ತಿತ್ತು. ಕೆಟ್ಟುಹೋದ ಪ್ರೋಟೀನುಗಳನ್ನು ಪೊರೆಕೋಣೆಯಿಂದ ಹೊರಹಾಕಲು ಕೋಶದಲ್ಲಿ ಮೊದಲೇ ಇದ್ದ ದಾರಿಯನ್ನೇ ವೈರಸ್ ಬಳಸಿಕೊಂಡಿದೆ. ಆ ದಾರಿಯ ಕೆಲವು ಭಾಗಗಳು ಜೀವವಿಜ್ಞಾನಿಗಳಿಗೆ ಸಿಕ್ಕಿದ್ದು ಈ ವೈರಸ್ಸಿನ ಬೆನ್ನುಹತ್ತಿ ಹೋದಾಗ.

ಎಂಎಚ್‌ಸಿ ಹೋಯಿತು, ಟಿ ಕೋಶಕ್ಕೆ ಕಾಣಲು ಏನೂ ಇಲ್ಲ. ಇಷ್ಟಕ್ಕೇ ಮುಗಿದಿದ್ದರೆ ವೈರಸ್ ಗೆದ್ದಂತೆ. ಆದರೆ ಎಂಎಚ್‌ಸಿ ಇಲ್ಲದಿರುವುದನ್ನೇ ಹುಡುಕುವ ಇನ್ನೊಂದು ಕಾವಲಿದೆ. ಅದು ಎನ್‌ಕೆ ಕೋಶ. ಸ್ವೀಡನ್ನಿನ ಕ್ಲಾಸ್ ಶೆರೆ ಮತ್ತು ಸಂಗಡಿಗರು 1986ರಲ್ಲಿ ಇಲಿಗಳ ಕ್ಯಾನ್ಸರ್ ಕೋಶಗಳಲ್ಲಿ ಇದನ್ನು ತೋರಿಸಿದರು. ಎಂಎಚ್‌ಸಿ ಕಳೆದುಕೊಂಡ ಕೋಶಗಳನ್ನು ಎನ್‌ಕೆ ಕೋಶಗಳು ನಾಶಮಾಡಿದವು, ಎಂಎಚ್‌ಸಿ ಇದ್ದವು ಬೆಳೆದು ಗೆಡ್ಡೆಗಳಾದವು. ಟಿ ಕೋಶ ಇರಬಾರದ್ದನ್ನು ನೋಡುತ್ತದೆ, ಎನ್‌ಕೆ ಕೋಶ ಇರಬೇಕಾದ್ದು ಇದೆಯೇ ಎಂದು ನೋಡುತ್ತದೆ. ಒಂದರಿಂದ ತಪ್ಪಿಸಿಕೊಳ್ಳಲು ಮಾಡಿದ ಕೆಲಸವೇ ಇನ್ನೊಂದರ ಕೈಗೆ ಸಿಕ್ಕಿಸುತ್ತದೆ.

ಸೈಟೊಮೆಗಾಲೊ ವೈರಸ್ ಇದಕ್ಕೂ ಸಿದ್ಧ. ಅದರ ಯುಎಲ್18 ಎಂಬ ಪ್ರೋಟೀನು ಎಂಎಚ್‌ಸಿಯಂತೆಯೇ ಕಾಣುವ ಸುಳ್ಳು ಎಂಎಚ್‌ಸಿ. ಎನ್‌ಕೆ ಕೋಶಗಳ ಒಂದು ತಡೆಗುಂಡಿಗೆ ಅದು ನಿಜವಾದ್ದಕ್ಕಿಂತ ಸಾವಿರ ಪಟ್ಟಿಗೂ ಮಿಗಿಲು ಬಿಗಿಯಾಗಿ ಅಂಟುತ್ತದೆ. ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಮಾತ್ರ ಯುಎಲ್40. ನಮ್ಮ ಕೋಶಗಳ ಮೇಲೆ ಎಚ್‌ಎಲ್‌ಎ-ಇ ಎಂಬ ಒಂದು ವಿಶೇಷ ಬಗೆಯ ಎಂಎಚ್‌ಸಿ ಇದೆ. ಉಳಿದ ಎಂಎಚ್‌ಸಿಗಳು ತಯಾರಾಗುವಾಗ ಉದುರುವ ಒಂಬತ್ತು ಅಮೈನೋ ಆಮ್ಲಗಳ ಒಂದು ಚೂರನ್ನು ಹಿಡಿದು ಅದು ಹೊರಗೆ ನಿಲ್ಲುತ್ತದೆ. ‘ಇಲ್ಲಿ ಎಂಎಚ್‌ಸಿ ತಯಾರಿಕೆ ಸರಿಯಾಗಿ ನಡೆದಿದೆ’ ಎಂಬ ವರದಿ ಅದು, ಎನ್‌ಕೆ ಕೋಶ ಅದನ್ನು ಕಂಡು ಸುಮ್ಮನಾಗುತ್ತದೆ. ಯುಎಲ್40 ತನ್ನೊಳಗೆ ಹೊತ್ತಿರುವುದು ಮನುಷ್ಯನ ಎಂಎಚ್‌ಸಿಯಲ್ಲಿರುವ ಅದೇ ಒಂಬತ್ತು ಅಮೈನೋ ಆಮ್ಲಗಳ ಸಾಲು. ಅದಲ್ಲದೆ ಆ ಚೂರು ಒಳಸೇರಲು ಟ್ಯಾಪ್ ದ್ವಾರವೇ ಬೇಕಿಲ್ಲ. ಯುಎಸ್6 ಬಾಗಿಲು ಮುಚ್ಚಿರುವಾಗಲೂ ಸುಳ್ಳು ವರದಿ ಹೊರಗೆ ಹೋಗುತ್ತಲೇ ಇರುತ್ತದೆ.

ಇಷ್ಟೆಲ್ಲ ಇದ್ದರೆ ದೇಹಕ್ಕೆ ಈ ವೈರಸ್ ಕಾಣಲೇಬಾರದಲ್ಲ? ಹಾಗಿಲ್ಲ. ಸೋಂಕು ಇರುವವರ ರಕ್ತದಲ್ಲಿನ ನೆನಪಿನ ಟಿ ಕೋಶಗಳನ್ನು ಎಣಿಸಿದರೆ ಸರಾಸರಿ ಹತ್ತರಲ್ಲಿ ಒಂದು ಈ ಒಂದೇ ವೈರಸ್ಸಿಗೆ ಮೀಸಲಾಗಿರುತ್ತದೆ. ಕಾಲಾಂತರದಲ್ಲಿ ವೈರಸ್ಸನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದೂ ಅವೇ. ಕಿಡ್ನಿ ಕಸಿಯಾದವರಿಗೆ ನಿರೋಧಕ ಶಕ್ತಿ ಕುಗ್ಗಿಸುವ ಔಷಧ ಕೊಟ್ಟಾಗ ಅದೇ ವೈರಸ್ ಕೆರಳಿ ಶ್ವಾಸಕೋಶವನ್ನೋ ಕರುಳನ್ನೋ ಹಿಡಿಯುತ್ತದೆ. ಅಂಥವರ ರಕ್ತದಲ್ಲಿ ಅದರ ಡಿಎನ್‌ಎ ಏರುತ್ತಿದೆಯೇ ಎಂದು ವೈದ್ಯರು ಮತ್ತೆಮತ್ತೆ ಪರೀಕ್ಷಿಸುತ್ತಾರೆ. ಟಿ ಕೋಶಗಳು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಯುಎಸ್2ರಿಂದ ಯುಎಸ್11ರವರೆಗಿನ ಅಷ್ಟೂ ಉಪಾಯ ಯಾತಕ್ಕೆ?

2010ರಲ್ಲಿ ಅಮೆರಿಕದ ಒರೆಗಾನಿನಿಂದ ಬಂದ ಕೋತಿಗಳ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಕೋತಿಗಳಿಗೂ ಅವುಗಳದ್ದೇ ಸೈಟೊಮೆಗಾಲೊ ವೈರಸ್ ಇದೆ. ಅದರಿಂದ ಎಂಎಚ್‌ಸಿ ತಡೆಯುವ ಜೀನ್‌ಗಳನ್ನೆಲ್ಲ ತೆಗೆದು, ಹಿಂದೆಂದೂ ಸೋಂಕು ತಗುಲದ ಕೋತಿಗಳಿಗೆ ಚುಚ್ಚಿದರೆ ಅದು ಆರಾಮವಾಗಿ ನೆಲೆಯೂರಿತು. ಈಗಾಗಲೇ ಸೋಂಕಿದ್ದ ಕೋತಿಗಳಿಗೆ ಚುಚ್ಚಿದಾಗ ಮಾತ್ರ ಅದಕ್ಕೆ ಜಾಗ ಸಿಗಲಿಲ್ಲ. ಆ ಕೋತಿಗಳ ಕೊಲ್ಲುವ ಟಿ ಕೋಶಗಳನ್ನು ತಾತ್ಕಾಲಿಕವಾಗಿ ತೆಗೆದು ಚುಚ್ಚಿದರೆ ಮತ್ತೆ ನೆಲೆಯೂರಿತು, ಟಿ ಕೋಶಗಳು ಮರಳಿ ಬಂದ ಮೇಲೂ ಹೋಗಲಿಲ್ಲ. ಹಾಗಾಗಿ ಈ ಉಪಾಯಗಳು ಮುಖ್ಯವಾಗಿ ಬೇಕಾಗುವುದು ಒಮ್ಮೆ ನಿರೋಧಕ ಶಕ್ತಿ ಪಡೆದವರ ಮೈಯಲ್ಲಿ ಎರಡನೆಯ ಸಲ ಕಾಲೂರಲು. ಮೊದಲ ಕೆಲವು ದಿನ ಕಣ್ಣಿಗೆ ಬೀಳದೆ ಇದ್ದರೆ ಮುಂದಿನದ್ದು ತಾನಾಗಿ ನಡೆಯುತ್ತದೆ.

ಈ ಒಂದು ಫಲಿತಾಂಶ ನಮ್ಮ ದೇಶದ ಹೆರಿಗೆ ಆಸ್ಪತ್ರೆಗಳಿಗೆ ನೇರವಾಗಿ ತಾಗುತ್ತದೆ. ಗರ್ಭದಲ್ಲಿರುವಾಗಲೇ ಈ ವೈರಸ್ ತಗುಲಿದ ಕೂಸುಗಳಲ್ಲಿ ಕೆಲವಕ್ಕೆ ಕಿವುಡುತನವೋ ಬೆಳವಣಿಗೆಯ ತೊಂದರೆಯೋ ಆಗುತ್ತದೆ. ಹುಟ್ಟಿನಿಂದ ಬರುವ ಕಿವುಡಿಗೆ, ವಂಶಪಾರಂಪರ್ಯ ಬಿಟ್ಟರೆ, ಇದು ಮುಖ್ಯ ಕಾರಣಗಳಲ್ಲೊಂದು. ತಾಯಿಗೆ ಬಸಿರಿಗೆ ಮೊದಲೇ ಸೋಂಕಾಗಿ ಪ್ರತಿಕಾಯಗಳಿದ್ದರೆ ಮಗುವಿಗೆ ದಾಟುವ ಸಂಭವ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಹಳೆಯ ವೈರಸ್ ಮತ್ತೆ ಏಳಬಹುದು, ಅಥವಾ ಬೇರೆ ತಳಿಯೊಂದು ಹೊಸದಾಗಿ ಸೇರಬಹುದು. ಭಾರತದಲ್ಲಿ ಬಹುತೇಕ ಎಲ್ಲ ತಾಯಂದಿರಿಗೂ ಮೊದಲೇ ಸೋಂಕಾಗಿರುವುದರಿಂದ ಇಲ್ಲಿ ಹುಟ್ಟುವ ಸೋಂಕಿತ ಕೂಸುಗಳಲ್ಲಿ ಹೆಚ್ಚಿನವು ಇಂಥ ತಾಯಂದಿರವೇ. ಇದೇ ಕಾರಣಕ್ಕೆ ತಾಯಿಯ ರಕ್ತದಲ್ಲಿ ಐಜಿಜಿ ಪ್ರತಿಕಾಯ ಇದೆ ಎಂಬ ವರದಿ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ವರದಿ ಹಿಡಿದು ಗಾಬರಿಯಾಗುವುದಕ್ಕೂ ಅರ್ಥವಿಲ್ಲ, ನಿಶ್ಚಿಂತರಾಗುವುದಕ್ಕೂ ಅರ್ಥವಿಲ್ಲ. ತಿಳಿಯಬೇಕಿದ್ದರೆ ನವಜಾತ ಶಿಶುವಿನ ಮೂತ್ರದಲ್ಲೋ ಜೊಲ್ಲಿನಲ್ಲೋ ವೈರಸ್ ಇದೆಯೇ ಎಂದು ಪಿಸಿಆರ್ ಪರೀಕ್ಷೆ ಮಾಡಬೇಕು, ಅದೂ ಹುಟ್ಟಿದ 21 ದಿನಗಳೊಳಗೆ. ಅದು ದಾಟಿದರೆ ಸಿಕ್ಕ ವೈರಸ್ ಗರ್ಭದಲ್ಲಿ ಬಂದದ್ದೋ ಎದೆಹಾಲಿನಿಂದ ಬಂದದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ಎದೆಹಾಲಿನಿಂದ ಬಂದದ್ದಾದರೆ ದಿನತುಂಬಿ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಶ್ರವಣ ಪರೀಕ್ಷೆಯಲ್ಲಿ ಮಗು ತೇರ್ಗಡೆಯಾಗದಿದ್ದಾಗ ‘ಮುಂದಿನ ತಿಂಗಳು ಮತ್ತೆ ನೋಡೋಣ’ ಎಂದು ಕಳಿಸುವುದರ ಜೊತೆಗೆ ಈ ಪರೀಕ್ಷೆಯನ್ನೂ ಅದೇ ವಾರ ಮಾಡಿಸುವುದು ಒಳ್ಳೆಯದು. ಗರ್ಭದಲ್ಲೇ ಬಂದದ್ದು ಎಂದು ಗೊತ್ತಾದ, ಲಕ್ಷಣಗಳಿರುವ ಶಿಶುಗಳಿಗೆ ವ್ಯಾಲ್‌ಗ್ಯಾನ್‌ಸೈಕ್ಲೊವಿರ್ ಎಂಬ ಔಷಧವನ್ನು ಮೊದಲ ತಿಂಗಳಲ್ಲೇ ಆರಂಭಿಸಿ ಆರು ತಿಂಗಳು ಕೊಡುವ ಪದ್ಧತಿಯಿದೆ. ಅಂಥ ಮಕ್ಕಳ ಶ್ರವಣವನ್ನು ಮುಂದೆಯೂ ವರ್ಷಗಳ ಕಾಲ ಅಳೆಯುತ್ತಿರಬೇಕು, ಏಕೆಂದರೆ ಹುಟ್ಟುವಾಗ ಸರಿಯಾಗಿದ್ದ ಕಿವಿ ಆಮೇಲೆ ಮಂದವಾಗುವುದೂ ಈ ಸೋಂಕಿನಲ್ಲಿ ಉಂಟು.